ನಡುಹಗಲ ಸೂರ್ಯನಿಂದ ಅಕ್ಷಾಂಶ: ಡಿಸೆಂಬರ್ 21ರ ನನ್ನ ಲೆಕ್ಕ

ಹಾಯಿದೋಣಿಯಲ್ಲಿ ನೆಲ ಕಾಣದ ಸಾಗರದ ನಡುವೆ ಇದ್ದಾಗ, ದಿಗಂತದಿಂದ ಸೂರ್ಯನ ಎತ್ತರದ ಕೋನವನ್ನು ಅಳೆಯುವ ಸೆಕ್ಸ್ಟೆಂಟ್ ಹಿಡಿದು ನಾನು ಮೊದಲ ಸಲ ನಂಬಿಕೆಯಿಂದ ಅಕ್ಷಾಂಶ ತೆಗೆದದ್ದು ಒಂದು ಡಿಸೆಂಬರ್ 21ರಂದು. ಆ ದಿನವನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಸೂರ್ಯನು ಸಮಭಾಜಕಕ್ಕಿಂತ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆ ಎಂದು ಹೇಳುವ ಕ್ರಾಂತಿ ಆಗ ದಕ್ಷಿಣ 23°26′ರಲ್ಲಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಮಾರ್ಚ್ ತಿಂಗಳಲ್ಲಾದರೆ ಅದು ಗಂಟೆಗೆ ಸುಮಾರು ಒಂದು ಕಲೆಯಷ್ಟು ಸರಿಯುವುದರಿಂದ ಸಮಯದ ತಪ್ಪು ಲೆಕ್ಕದೊಳಗೆ ನುಸುಳುತ್ತದೆ. ಡಿಗ್ರಿಯ ಅರವತ್ತನೇ ಒಂದು ಪಾಲಾದ ಈ ಕಲೆಯು ಅಕ್ಷಾಂಶದಲ್ಲಿ ಒಂದು ನಾಟಿಕಲ್ ಮೈಲಿಗೆ ಸಮ.

ಸೂರ್ಯನು ನಮ್ಮ ರೇಖಾಂಶವನ್ನು ದಾಟುವ ಗಳಿಗೆಯನ್ನು ಮೊದಲೇ ತಿಳಿದಿರಬೇಕು. ಸೂರ್ಯ ಮತ್ತು ನಕ್ಷತ್ರಗಳ ಸ್ಥಾನಗಳನ್ನು ದಿನದಿನಕ್ಕೂ ಕೊಡುವ ಪುಸ್ತಕವಾದ ನಾಟಿಕಲ್ ಅಲ್ಮನ್ಯಾಕ್ ಆ ದಿನಕ್ಕೆ ಸ್ಥಳೀಯ ಸಮಯ 11:58 ಎಂದು ಕೊಟ್ಟಿತ್ತು. ನನ್ನ ಅಂದಾಜು ರೇಖಾಂಶ ಪೂರ್ವ 70°. ಡಿಗ್ರಿಗೆ 4 ನಿಮಿಷದಂತೆ 4 ಗಂಟೆ 40 ನಿಮಿಷ ಕಳೆದಾಗ ಗ್ರೀನಿಚ್ ಸಮಯ 7:18 ಬಂತು. ನಾನು 7:00ಕ್ಕೇ ಸಿದ್ಧನಾಗಿ ನಿಂತೆ, ಏಕೆಂದರೆ ರೇಖಾಂಶದ ಅಂದಾಜು ಒಂದು ಡಿಗ್ರಿ ತಪ್ಪಿದ್ದರೂ ಗಳಿಗೆ ನಾಲ್ಕು ನಿಮಿಷ ಹಿಂದುಮುಂದಾಗುತ್ತದೆ.

ಸೂರ್ಯನತ್ತ ಉಪಕರಣ ಎತ್ತುವ ಮೊದಲು ಅದರ ದೋಷವನ್ನು ಅಳೆದೆ. ಮಾಪಕವನ್ನು ಸೊನ್ನೆಗೆ ತಂದು ದಿಗಂತವನ್ನು ನೋಡಿದರೆ ಅದು ಕನ್ನಡಿಯ ಅಂಚಿನಲ್ಲಿ ಮುರಿದ ಗೆರೆಯಂತೆ ಕಂಡಿತು. ಗೆರೆ ಕೂಡಿಕೊಳ್ಳುವವರೆಗೆ, ಕೋನವನ್ನು ಸೂಕ್ಷ್ಮವಾಗಿ ಬದಲಿಸುವ ತಿರುಗುಗುಂಡಿಯಾದ ಡ್ರಮ್ ತಿರುಗಿಸಿದಾಗ ಅಳತೆ ಸೊನ್ನೆಗಿಂತ 2 ಕಲೆ ಮೇಲಿತ್ತು. ಅಂದರೆ ಈ ಸೆಕ್ಸ್ಟೆಂಟ್ ಪ್ರತಿ ಕೋನವನ್ನೂ 2 ಕಲೆ ಹೆಚ್ಚಾಗಿ ತೋರಿಸುತ್ತದೆ, ಆದ್ದರಿಂದ ಅದನ್ನು ಕಳೆಯಬೇಕು. ಹಿಂದಿನ ವಾರ ನಾನು ಇದನ್ನೇ ಕೂಡಿಸಿಬಿಟ್ಟು, ನಾಲ್ಕು ಮೈಲಿ ತಪ್ಪಿದ ಗೆರೆಯನ್ನು ನಕ್ಷೆಯ ಮೇಲೆ ಎಳೆದಿದ್ದೆ.

ಕಪ್ಪು ಗಾಜುಗಳನ್ನು ಅಡ್ಡ ತಂದ ಮೇಲೆಯೇ ಸೂರ್ಯನ ಬಿಂಬವನ್ನು ಹಿಡಿದು, ಅದರ ಕೆಳ ಅಂಚು ದಿಗಂತವನ್ನು ಮುಟ್ಟುವಂತೆ ಇಳಿಸಿದೆ. ಇಲ್ಲಿ ಕೈಗೆ ಕಲಿಸಬೇಕಾದ ಕೆಲಸವೆಂದರೆ ತೂಗುವುದು: ಸೆಕ್ಸ್ಟೆಂಟನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿದರೆ ಬಿಂಬವು ತೊಟ್ಟಿಲಿನಂತೆ ಕಮಾನು ಬರೆಯುತ್ತದೆ, ಆ ಕಮಾನಿನ ಅತಿ ಕೆಳಗಿನ ಬಿಂದುವಿನಲ್ಲಿ ಮಾತ್ರ ದಿಗಂತವನ್ನು ಸವರಬೇಕು. ವಾಲಿದ ಸ್ಥಿತಿಯಲ್ಲೇ ಮುಟ್ಟಿಸಿದರೆ ಕೋನ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ.

ಆಮೇಲೆ ಕಾಯುವ ಕೆಲಸ. ಸೂರ್ಯ ಏರುತ್ತಿರುವವರೆಗೆ ಬಿಂಬಕ್ಕೂ ದಿಗಂತಕ್ಕೂ ನಡುವೆ ಸಂದು ಬಿಡುತ್ತಲೇ ಇರುತ್ತದೆ, ನಾನು ಡ್ರಮ್ ತಿರುಗಿಸಿ ಅದನ್ನು ಮುಚ್ಚುತ್ತಲೇ ಇರುತ್ತೇನೆ. ಆ ಅಕ್ಷಾಂಶದಲ್ಲಿ ಮಧ್ಯಾಹ್ನಕ್ಕೆ ಹತ್ತು ನಿಮಿಷ ಮೊದಲು ಸೂರ್ಯ ಶಿಖರಕ್ಕಿಂತ ಐದು ಕಲೆಗೆ ತುಸು ಕಡಿಮೆ ಕೆಳಗಿದ್ದರೆ, ಎರಡು ನಿಮಿಷ ಮೊದಲು ಆ ಅಂತರ ಒಂದು ಕಲೆಯ ಐದನೇ ಒಂದು ಪಾಲಿಗೆ ಇಳಿದಿರುತ್ತದೆ. ಹೀಗಾಗಿ ಸೂರ್ಯ ಕೆಲವು ನಿಮಿಷ ತೂಗುಹಾಕಿದಂತೆ ನಿಲ್ಲುತ್ತಾನೆ, ಶಿಖರದ ನಿಖರ ಕ್ಷಣವನ್ನು ಹಿಡಿಯುವ ಅಗತ್ಯವೇ ಬರುವುದಿಲ್ಲ. ಸಂದು ಬಿಡುವುದು ನಿಂತ ಮೇಲೆ ಡ್ರಮ್ ಮುಟ್ಟಬಾರದು. ಬಿಂಬದ ಅಂಚು ದಿಗಂತದೊಳಗೆ ಮುಳುಗತೊಡಗಿದಾಗ ಮಧ್ಯಾಹ್ನ ಕಳೆಯಿತು ಎಂದು ಖಚಿತವಾಗುತ್ತದೆ, ಆಗ ಮಾಪಕವನ್ನು ಓದಬೇಕು. ನನಗೆ ಸಿಕ್ಕಿದ್ದು 52°04.1′.

ಉಪಕರಣದ ದೋಷ 2 ಕಲೆ ಕಳೆದೆ. ನನ್ನ ಕಣ್ಣು ನೀರಿನಿಂದ 3 ಮೀಟರ್ ಎತ್ತರದಲ್ಲಿದ್ದುದರಿಂದ ದಿಗಂತ ತಗ್ಗಿ ಕಾಣುತ್ತದೆ. ಅದಕ್ಕಾಗಿ ಇನ್ನೂ 3 ಕಲೆ ಕಳೆದಾಗ 51°59.1′ ಉಳಿಯಿತು. ನಾವು ಅಳೆದದ್ದು ಕೆಳ ಅಂಚನ್ನು, ಬೇಕಾದದ್ದು ಸೂರ್ಯನ ಕೇಂದ್ರ. ಅದರ ಜೊತೆಗೆ ಗಾಳಿಯು ಬೆಳಕನ್ನು ಬಗ್ಗಿಸುವುದನ್ನೂ ಸೇರಿಸಿ ಅಲ್ಮನ್ಯಾಕಿನ ಪಟ್ಟಿಯು ಕೊಡುವ 15.5 ಕಲೆಯನ್ನು ಕೂಡಿಸಿದೆ. ನಿಜವಾದ ಎತ್ತರ 52°14.6′. ಇದನ್ನು 90 ಡಿಗ್ರಿಯಿಂದ ಕಳೆದರೆ ಸೂರ್ಯನು ನನ್ನ ನೆತ್ತಿಯಿಂದ 37°45.4′ ದಕ್ಷಿಣಕ್ಕಿದ್ದಾನೆ ಎಂದಾಯಿತು. ಅವನಿದ್ದದ್ದು ಸಮಭಾಜಕದಿಂದ 23°26′ ದಕ್ಷಿಣಕ್ಕೆ, ಉಳಿದ 14°19.4′ ಸಮಭಾಜಕದಿಂದ ಉತ್ತರಕ್ಕೆ ನನ್ನ ಅಕ್ಷಾಂಶ. ಕೂಡುವುದೋ ಕಳೆಯುವುದೋ ಎಂಬ ಸೂತ್ರವನ್ನು ಬಾಯಿಪಾಠ ಮಾಡದೆ, ನೆತ್ತಿ, ಸಮಭಾಜಕ ಮತ್ತು ಸೂರ್ಯನನ್ನು ಒಂದು ಕಮಾನಿನ ಮೇಲೆ ಗುರುತಿಸಿ ನೋಡುವುದೇ ನನಗೆ ಸುರಕ್ಷಿತವೆನಿಸಿದೆ.

ಜಿಪಿಎಸ್ ಅದೇ ಹೊತ್ತಿಗೆ 14°18.2′ ತೋರಿಸಿತು. ನಾನು ಒಂದು ಮೈಲಿಗಿಂತ ತುಸು ಹೆಚ್ಚು ಉತ್ತರಕ್ಕೆ ಹೋಗಿದ್ದೆ, ಎಂದರೆ ಅಳೆದ ಎತ್ತರ ಕಡಿಮೆಯಾಗಿತ್ತು. ಅಂದು ದೊಡ್ಡ ಅಲೆಗಳಿದ್ದವು. ದೋಣಿ ತಗ್ಗಿನಲ್ಲಿದ್ದಾಗ ಹತ್ತಿರದ ಅಲೆಯ ತಲೆಯನ್ನೇ ದಿಗಂತವೆಂದು ತಿಳಿದಿದ್ದೆನೆಂದು ತೋರುತ್ತದೆ, ಅದು ನಿಜವಾದ ದಿಗಂತಕ್ಕಿಂತ ಮೇಲಿರುತ್ತದೆ. ಮರುದಿನ ಕ್ಯಾಬಿನ್ನಿನ ಮೇಲೆ, ಕಣ್ಣು 4.5 ಮೀಟರ್ ಎತ್ತರಕ್ಕೆ ಬರುವಂತೆ ನಿಂತು, ದೋಣಿ ಅಲೆಯ ತುದಿಗೇರಿದಾಗ ಮಾತ್ರ ಅಂಚನ್ನು ಮುಟ್ಟಿಸಿದೆ. ದಿಗಂತದ ತಗ್ಗು ಆಗ 3.7 ಕಲೆಯಾಯಿತು, ಜಿಪಿಎಸ್‌ಗೂ ನನಗೂ ಇದ್ದ ಅಂತರ ಅರ್ಧ ಮೈಲಿಯೊಳಗೆ ಬಂತು.