ಡಿಕಾಕ್ಷನ್‌ಗೆ ಉಪ್ಪು ಹಾಕಿ ಗೆದ್ದ ಕಥೆ

ನಮ್ಮದು ಚಿಕ್ಕ ದರ್ಶಿನಿ. ಸಕ್ಕರೆ ಬಿಟ್ಟ ಗಿರಾಕಿಗಳು ಜಾಸ್ತಿಯಾದ ಮೇಲೆ ಒಂದೇ ದೂರು: ಕಾಫಿ ಕಹಿ. ನಮ್ಮ ಪುಡಿಯಲ್ಲಿ ಅರ್ಧ ರೋಬಸ್ಟಾ, ಮೇಲೆ ಚಿಕೋರಿ ಬೇರೆ. ಮೊದಲು ಪೂರ್ತಿ ಅರೇಬಿಕಾಗೆ ಹೋದೆ. ಎರಡೂವರೆ ತಿಂಗಳಲ್ಲಿ 15,000 ರೂಪಾಯಿ ಹತ್ತಿರ ಕೈಬಿಟ್ಟಿತು. ಹಳೇ ಗಿರಾಕಿಗಳು ‘ಸ್ಟ್ರಾಂಗೇ ಇಲ್ಲ’ ಅಂತ ಮುಖ ಸಿಂಡರಿಸಿದರು.

ಉಪ್ಪು ಹಾಕೋಣ ಅಂದಾಗ ಭಟ್ಟರು ನಕ್ಕೇಬಿಟ್ಟರು. ‘ಯಜಮಾನ್ರೇ, ಕಾಫಿ ಮಾಡ್ತೀವೋ ಸಾರು ಮಾಡ್ತೀವೋ?’

ಅವರು ನಕ್ಕಿದ್ದೂ ಸರಿಯೇ. ಲೋಟಕ್ಕೆ ಚಿಟಿಕೆ ಉಪ್ಪು ಉದುರಿಸಿದೆ. ಒಂದು ಲೋಟ ಸರಿ, ಇನ್ನೊಂದು ಉಪ್ಪುಪ್ಪು. ಚಿಟಿಕೆಗೆ ಅಳತೆಯೇ ಇಲ್ಲ ಅಲ್ವಾ? ಆಮೇಲೆ ಫಿಲ್ಟರಿನ ಪುಡಿಗೇ ಬೆರೆಸಿದೆ. ಉಪ್ಪೆಲ್ಲ ಮೊದಲು ಇಳಿದ ಡಿಕಾಕ್ಷನ್‌ನಲ್ಲೇ ಕರಗಿ ಬಂತು. ಅದನ್ನು ಮೋರಿಗೆ ಚೆಲ್ಲಿದೆ. ಎರಡನೇ ಡಿಕಾಕ್ಷನ್ ಎಂದಿನಂತೆ ಕಹಿ.

ಕೊನೆಗೆ ಕೈಹಿಡಿದಿದ್ದು ಉಪ್ಪಿನ ನೀರು. 80 ಗ್ರಾಂ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಬಾಟಲಿಗೆ ತುಂಬಿದೆ. ಲೀಟರ್ ಡಿಕಾಕ್ಷನ್‌ಗೆ ಒಂದು ಟೀ ಚಮಚ, ಅಂದರೆ ಒಂದು ಗ್ರಾಂ ಚಿಲ್ಲರೆ ಉಪ್ಪು. ಅದು ಸುಮಾರು 30 ಲೋಟಕ್ಕೆ ಹಂಚಿಹೋಗುತ್ತದೆ, ಉಪ್ಪಿನ ರುಚಿ ಗೊತ್ತೇ ಆಗುವುದಿಲ್ಲ. ಎರಡು ಚಮಚ ಹಾಕಿದ ದಿನ ಒಬ್ಬರು ‘ಹಾಲು ಯಾವುದ್ರೀ?’ ಅಂದರು, ಅಲ್ಲಿಗೆ ನಿಲ್ಲಿಸಿದೆ. ಯಾವ ಹೊತ್ತಿಗೆ ಬೆರೆಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಇದರ ಗುಟ್ಟು ಸೋಡಿಯಂ. ಅಮೆರಿಕದಲ್ಲಿ ರುಚಿ, ವಾಸನೆ ಬಗ್ಗೆ ಸಂಶೋಧನೆ ನಡೆಸುವ ಮೊನೆಲ್ ಕೇಂದ್ರದ ವಿಜ್ಞಾನಿಗಳು ಬ್ರೆಸ್ಲಿನ್ ಮತ್ತು ಬೋಶಾಂಪ್ 1997ರಲ್ಲಿ ತೋರಿಸಿದ್ದು ಇದನ್ನೇ: ಸೋಡಿಯಂ ಕಹಿಯನ್ನು ಅಡಗಿಸುತ್ತದೆ, ಕಹಿ ಅಡಗಿದಾಗ ಅದರ ಕೆಳಗೆ ಮುಚ್ಚಿಹೋಗಿದ್ದ ಸಿಹಿ ಮೇಲೆ ಬರುತ್ತದೆ. ನನಗೆ ಪೂರ್ತಿ ನಂಬಿಕೆ ಬಂದಿದ್ದು ಟಾನಿಕ್ ವಾಟರಿಗೆ ನಾಲ್ಕು ಹನಿ ಹಾಕಿ ಕುಡಿದಾಗ. ಕ್ವಿನೈನ್ ಕಹಿ ತಗ್ಗಿ ಶರಬತ್ತಿನ ಹಾಗಾಯಿತು. ಬಿಪಿ ಇರುವವರಿಗೆ ಅಂತ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಮಾಡಿ ನೋಡಿದೆ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದಕ್ಕೇ ಒಂದು ಕಹಿ. ಕಾಫಿ ಇನ್ನೂ ಕೆಟ್ಟಿತು.

ಎಲ್ಲ ಕಹಿಯೂ ಒಂದೇ ಥರ ತಗ್ಗುವುದಿಲ್ಲ. ಸೀದು ಕಪ್ಪಾದ ಬೀಜದ ಸುಟ್ಟ ವಾಸನೆ ಹಾಗೇ ಉಳಿಯುತ್ತದೆ. ಬೆಳಗಿನ ಡಿಕಾಕ್ಷನ್ ಮಧ್ಯಾಹ್ನಕ್ಕೆ ಬಿಸಿ ಮಾಡಿದರೆ ಬರುವ ಹುಳಿಗೂ ಉಪ್ಪು ಮದ್ದಲ್ಲ. ಅದನ್ನು ಚೆಲ್ಲಲೇಬೇಕು.

ಈಗ ಮತ್ತೆ ಹಳೇ ಪುಡಿ. ಸಕ್ಕರೆ ಹಾಕುವ ಲೋಟಕ್ಕೂ ಮುಕ್ಕಾಲು ಚಮಚ ಸಾಕಾಗಿದೆ, ತಿಂಗಳಿಗೆ ಎಂಟೋ ಹತ್ತೋ ಕೆಜಿ ಸಕ್ಕರೆ ಉಳಿಯುತ್ತಿದೆ. ಬಾಟಲಿ ಖಾಲಿಯಾದರೆ ಈಗ ಭಟ್ಟರೇ ತುಂಬಿಡುತ್ತಾರೆ. ಮೇಲೆ ‘ವೆನಿಲಾ’ ಅಂತ ಚೀಟಿ ಅಂಟಿಸಿದ್ದಾರೆ, ಪಕ್ಕದ ಹೋಟೆಲಿನ ಹುಡುಗರು ಇಣುಕುತ್ತಾರಂತೆ.