‘ನೋಡೋಣ’ ಅನ್ನೋದನ್ನು ಬಿಟ್ಟ ಮೇಲೆ

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಆಪರೇಟರ್ ಆಗಿದ್ದ ನಾನು ಪ್ರೊಡಕ್ಷನ್ ಇನ್‌ಚಾರ್ಜ್ ಆಗಿ ಆರು ವರ್ಷ ಆಯ್ತು. ಹೊಸದಾಗಿ ಇನ್‌ಚಾರ್ಜ್ ಆದವರು ನನ್ನನ್ನು ಕೇಳೋದು ಹೆಚ್ಚಾಗಿ ಎರಡೇ ಪ್ರಶ್ನೆ.

ಸಾಹೇಬ್ರು ಅರ್ಜೆಂಟ್ ಅಂದ್ರೆ ಆಗಲ್ಲ ಅಂತ ಹೇಗೆ ಹೇಳೋದು?

‘ಆಗಲ್ಲ’ ಅನ್ನಬೇಡಿ, ಲೆಕ್ಕ ಹೇಳಿ. ಮೊದಲ ವರ್ಷ ನಾನು ಎಲ್ಲದಕ್ಕೂ ‘ಆಯ್ತು ಸರ್’ ಅಂತಿದ್ದೆ. ಒಂದು ಸಲ ಹಾಗೆ ಒಪ್ಪಿಕೊಂಡು ರಾತ್ರಿಯೆಲ್ಲಾ ಮಷೀನ್ ಓಡಿಸಿದೆವು. ಓವರ್‌ಟೈಮ್‌ಗೆ ಡಬಲ್ ಸಂಬಳ, ಮೇಲೆ ಬೋರ್ ಸೈಜ್ ತಪ್ಪಿ ಮೂವತ್ತು ಚಿಲ್ಲರೆ ಪೀಸ್ ರಿಜೆಕ್ಟ್. ಹೆಚ್ಚುಕಡಿಮೆ ನಲವತ್ತು ಸಾವಿರ ಹೋಯ್ತು. ಡಿಸ್ಪ್ಯಾಚ್ ಆದ್ರೂ ಹೊತ್ತಿಗೆ ಆಯ್ತಾ? ಅದೂ ಇಲ್ಲ.

ಈಗ ವಿಎಂಸಿ ಮಷೀನ್ ಪಕ್ಕದಲ್ಲೇ ಈ ಲೆಕ್ಕ ಬರೆಯೋಕೆ ಒಂದು ಬೋರ್ಡ್ ಹಾಕಿದ್ದೀನಿ. ಮೊನ್ನೆ ಗುರುವಾರ ಸಂಜೆ ಸಾಹೇಬ್ರು ಬಂದು, ‘ಶನಿವಾರಕ್ಕೆ 200 ಫ್ಲಾಂಜ್ ಬೇಕು’ ಅಂದ್ರು. ಒಂದಕ್ಕೆ 12 ನಿಮಿಷ. ಟೀ, ಊಟ, ಟೂಲ್ ಬದಲಾಯಿಸೋದು ಕಳೆದ್ರೆ ಶಿಫ್ಟಿಗೆ 33 ಪೀಸ್. ಸೆಟ್ಟಿಂಗ್‌ಗೇ ಅರ್ಧ ಶಿಫ್ಟ್. ಬೋರ್ಡ್ ಮುಂದೆ ನಿಲ್ಲಿಸಿ ಹೇಳಿದೆ: ‘ಸರ್, ಶನಿವಾರ ಮಧ್ಯಾಹ್ನಕ್ಕೆ 80 ಕೊಡ್ತೀನಿ, ಉಳಿದಿದ್ದು ಮಂಗಳವಾರ. ಎಲ್ಲಾ ಶನಿವಾರವೇ ಬೇಕಂದ್ರೆ ಎರಡನೇ ಮಷೀನಿನ ಹೌಸಿಂಗ್ ಜಾಬ್ ಇಳಿಸಬೇಕು. ಆದ್ರೂ 160 ದಾಟಲ್ಲ. ಇಳಿಸ್ಲಾ?’ ಅವರು ಸುಮ್ನೆ ಐದು ನಿಮಿಷ ಬೋರ್ಡ್ ನೋಡಿದ್ರು. ಆಮೇಲೆ ಗಿರಾಕಿಗೆ ಫೋನ್ ಮಾಡಿ 80ಕ್ಕೆ ಒಪ್ಪಿಸಿದ್ರು. ‘ಹಿಂಗೆ ಮಾತಾಡಿದ್ರೆ ನಿನ್ನ ಕೆಲಸ ಹೋಗುತ್ತೆ’ ಅಂತಿದ್ದ ನಮ್ಮ ಹಳೇ ಫೋರ್‌ಮನ್ ಅಣ್ಣ ಈಗ ತಾವೇ ಬೋರ್ಡ್ ಬರೀತಾರೆ! ಬೋರ್ಡಿನ ಲೆಕ್ಕದಲ್ಲಿ ಎಷ್ಟು ಗಂಟೆ ಹೆಚ್ಚಿಗೆ ಕೈಯಲ್ಲಿ ಇಟ್ಕೊಂಡಿರ್ತೀನಿ ಅನ್ನೋದನ್ನು ಮಾತ್ರ ಯಾರಿಗೂ ಹೇಳಲ್ಲ.

ಹುಡುಗರು ರಜೆ ಕೇಳಿದ್ರೆ?

ಇಲ್ಲಿ ನನ್ನನ್ನು ಕೆಡಿಸಿದ್ದು ‘ನೋಡೋಣ’ ಅನ್ನೋ ಮಾತು. ಗೌರಿ ಹಬ್ಬಕ್ಕೆ ಎಂಟು ದಿನ ರಜೆ ಕೇಳಿದ ಗದಗಿನ ಹುಡುಗನಿಗೆ ನೋಡೋಣ ಅಂದೆ. ಅವನು ಅದನ್ನೇ ಹೂಂ ಅಂತ ತಿಳಿದು ಬಸ್ ಟಿಕೆಟ್ ಮಾಡಿಸಿದ. ಹಿಂದಿನ ದಿನ ಇಲ್ಲ ಅಂದೆ. ಹೋದವನು ವಾಪಸ್ ಬರಲೇ ಇಲ್ಲ. ಒಳ್ಳೇ ಸೆಟ್ಟರ್. ಈಗ್ಲೂ ಬೇಜಾರಾಗುತ್ತೆ.

ಈಗ ಕೇಳಿದ ದಿನವೇ ಉತ್ತರ. ಎಲ್ಲರ ಮುಂದೆ ಅಲ್ಲ, ಪಕ್ಕಕ್ಕೆ ಕರೆದು. ‘ಎಂಟು ದಿನ ಆಗಲ್ಲಪ್ಪ, ನಿನ್ನ ಶಿಫ್ಟಲ್ಲಿ ಆಗ್ಲೇ ಇಬ್ಬರು ಹೋಗ್ತಿದ್ದಾರೆ. ನಾಲ್ಕು ದಿನ ಈಗ ತಗೋ, ಉಳಿದ ನಾಲ್ಕು ದೀಪಾವಳಿಗೆ ನಿನಗೇ ಮೊದಲು.’ ಅಲ್ಲೇ ಅವನೆದುರೇ ರಿಜಿಸ್ಟರ್‌ನಲ್ಲಿ ದೀಪಾವಳಿ ರಜೆ ಬರೀತೀನಿ. ಅವನ ಸಹಿಯೂ ಹಾಕಿಸ್ತೀನಿ. ಬರೆದಿದ್ದನ್ನು ನಾವು ತಪ್ಪಿಸಬಾರದು, ಒಂದು ಸಲ ತಪ್ಪಿದ್ರೆ ಮುಂದಿನ ‘ಇಲ್ಲ’ವನ್ನು ಯಾರೂ ಕೇಳಲ್ಲ.

ನಡುವೆ ವಾಟ್ಸಾಪ್‌ನಲ್ಲಿ ಇಲ್ಲ ಅಂತ ಹೇಳಿ ನೋಡಿದೆ. ಎರಡೇ ವಾರ. ‘ರಜೆ ಇಲ್ಲ’ ಅಂತ ಚಿಕ್ಕದಾಗಿ ಬರೆದಿದ್ದನ್ನು ಹುಡುಗರು ಸಿಟ್ಟು ಅಂತ ಓದಿಕೊಂಡ್ರು. ಬಿಟ್ಟುಬಿಟ್ಟೆ. ಹೋದ ದೀಪಾವಳಿಗೆ ಹನ್ನೊಂದು ಜನ ರಜೆ ಕೇಳಿದ್ರು, ಐದು ಜನಕ್ಕೆ ಇಲ್ಲ ಅಂದೆ. ಹಬ್ಬದ ಮಾರನೇ ದಿನ ಐದೂ ಜನ ಶಿಫ್ಟಿಗೆ ಬಂದಿದ್ರು.