ಬೇಸ್‌ಮೆಂಟ್‌ನಲ್ಲಿ ಕಾರು ಸುಟ್ಟಾಗ ನಾನು ಬರೆದ ವರದಿ: ಕಾರಣ ಬರೆಯಲಿಲ್ಲ, ಗಡಿಯಾರ ಸರಿಮಾಡಿದೆ

‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಅಂತ ಒಂದು ಪುಟ ಬರೆದು ಸೀಲ್ ಹಾಕ್ರಿ, ಸಾಕು’ ಅಂದಿದ್ದರು ನಮ್ಮ ಎಸ್ಟೇಟ್ ಮ್ಯಾನೇಜರ್. ನಮ್ಮ ಸೆಕ್ಯುರಿಟಿ ಏಜೆನ್ಸಿಯ ಫೀಲ್ಡ್ ಆಫೀಸರ್ ಮಾತೂ ಅದೇ: ಜಾಸ್ತಿ ಬರೆದಷ್ಟೂ ನಮ್ಮ ತಲೆಗೇ ಬರುತ್ತೆ, ಬಿಲ್ಲಲ್ಲಿ ಕಡಿತ ಮಾಡ್ತಾರೆ. ನಾನು ಫೋಟೋಗಳೂ ಸೇರಿ ಇಪ್ಪತ್ತು ಪುಟದ ಹತ್ತಿರ ಬರೆದೆ, ಆದರೆ ಬೆಂಕಿಯ ಕಾರಣ ಮಾತ್ರ ಎಲ್ಲೂ ಬರೆಯಲಿಲ್ಲ. ಸುಟ್ಟ ಕಾರಿನ ಕ್ಲೇಮು, ಪಕ್ಕದ ಕಾರುಗಳದ್ದು, ಕಟ್ಟಡದ್ದು ಎಲ್ಲ ಈಗ ಮುಗಿದಿವೆ. ಬೆಂಗಳೂರಿನ ಬೇರೆ ಸೈಟುಗಳ ಸೂಪರ್‌ವೈಸರ್‌ಗಳು ಆ ವರದಿಯ ನಮೂನೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಡಿಯಾರದ ವಿಷಯ, ಇಡೀ ವರದಿ ನಿಂತಿದ್ದೇ ಅದರ ಮೇಲೆ. ಬೆಂಕಿ ಬಿದ್ದ ಮಾರನೆಯ ಬೆಳಿಗ್ಗೆ ನಿವಾಸಿಗಳ ಗ್ರೂಪಿನಲ್ಲಿ ಒಂದು ಲೆಕ್ಕ ಓಡಾಡತೊಡಗಿತ್ತು. ಸಿಸಿಟಿವಿಯಲ್ಲಿ ಮೊದಲ ಹೊಗೆ ಕಂಡದ್ದು 2:21ಕ್ಕೆ. ನಮ್ಮ ಗಾರ್ಡ್ ಅಗ್ನಿಶಾಮಕಕ್ಕೆ ಫೋನ್ ಮಾಡಿದ್ದು, ಅವನ ಮೊಬೈಲಿನ ಪ್ರಕಾರ, 2:19ಕ್ಕೆ. ಫೈರ್ ಪ್ಯಾನೆಲ್‌ನಲ್ಲಿ ಅಲಾರ್ಮ್ ದಾಖಲಾಗಿದ್ದು 2:13ಕ್ಕೆ. ಅಂದರೆ ಹೊಗೆ ಬರುವ ಮುಂಚೆಯೇ ಗಾರ್ಡ್‌ಗೆ ಗೊತ್ತಿತ್ತಾ? ಹುಡುಗನ ಮೇಲೆ ಅನುಮಾನ ಶುರುವಾಯಿತು, ಒಬ್ಬರು ಪೊಲೀಸ್ ದೂರಿನಲ್ಲಿ ಅವನ ಹೆಸರು ಬರೆಸಲೂ ಹೊರಟಿದ್ದರು.

ಮೂರು ಗಡಿಯಾರಗಳು ಮೂರು ಸಮಯ ಹೇಳುತ್ತಿದ್ದವು, ಅಷ್ಟೇ. ಮೊಬೈಲ್ ನೆಟ್‌ವರ್ಕ್‌ನಿಂದ ಸಮಯ ತಗೊಳ್ಳುತ್ತೆ, ಹಾಗಾಗಿ ಅದನ್ನೇ ಆಧಾರ ಮಾಡಿಕೊಂಡೆ. ಸೆಕೆಂಡು ತೋರಿಸುವ ಗಡಿಯಾರವನ್ನು ಮೊಬೈಲಿನಲ್ಲಿ ತೆರೆದು ರ‍್ಯಾಂಪಿನ ಕ್ಯಾಮೆರಾಕ್ಕೆ ಒಂದು ನಿಮಿಷ ಹಿಡಿದೆ. ಆ ರೆಕಾರ್ಡಿಂಗ್‌ನಲ್ಲಿ ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್‌ನ ಸಮಯವೂ ನಿಜವಾದ ಸಮಯವೂ ಒಂದೇ ಚಿತ್ರದಲ್ಲಿ ಸಿಕ್ಕಿದವು: ಡಿವಿಆರ್ ಏಳು ನಿಮಿಷ ಮುಂದೆ. ಪ್ಯಾನೆಲ್ ಮೂರು ನಿಮಿಷ ಹಿಂದೆ ಇತ್ತು, ಅದರ ಪರದೆ ಮತ್ತು ಮೊಬೈಲನ್ನು ಅಕ್ಕಪಕ್ಕ ಇಟ್ಟು ಫೋಟೋ ತೆಗೆದೆ. ಸರಿಮಾಡಿದ ಮೇಲೆ ಕ್ರಮ ಹೀಗಾಯಿತು: ಹೊಗೆ 2:14, ಅಲಾರ್ಮ್ 2:16, ಫೋನ್ 2:19. ನಡುವಿನ ಮೂರು ನಿಮಿಷದಲ್ಲಿ ಹುಡುಗ ಕೆಳಗೋಡಿ ಬೆಂಕಿ ಆರಿಸುವ ಎರಡು ಸಿಲಿಂಡರ್ ಖಾಲಿ ಮಾಡಿದ್ದ. ಅದು ಇನ್ನೊಂದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಅನುಮಾನ ಅಲ್ಲಿಗೇ ನಿಂತಿತು.

ನೆನಪಿಡಿ, ಡಿವಿಆರ್ ಸಮಯವನ್ನು ಯಾರಾದರೂ ‘ಸರಿಮಾಡುವ’ ಮುಂಚೆ ಇದನ್ನು ಮಾಡಬೇಕು. ಮೊದಲು ಸಮಯ ತಿದ್ದಿಬಿಟ್ಟರೆ ಏಳು ನಿಮಿಷದ ವ್ಯತ್ಯಾಸಕ್ಕೆ ಸಾಕ್ಷಿಯೇ ಉಳಿಯೋದಿಲ್ಲ. ನಮ್ಮಲ್ಲಿ ಸಿಸಿಟಿವಿ ವೆಂಡರ್ ಟೆಕ್ನಿಷಿಯನ್ ಬೆಳಿಗ್ಗೆಯೇ ಮೆನು ತೆರೆದು ಕೂತಿದ್ದ, ಕೈ ಹಿಡಿದು ತಡೆದೆ.

ಡಿವಿಆರ್‌ನಲ್ಲಿ ಸುಮಾರು ಹದಿನೈದು ದಿನದ ನಂತರ ಹಳೆಯದರ ಮೇಲೆ ಹೊಸದು ಬರೆಯುತ್ತೆ. ವಿಮಾ ಕಂಪನಿಯ ಸರ್ವೇಯರ್ ಬಂದು, ಪ್ರಶ್ನೆ ಕಳಿಸಿ, ಮತ್ತೆ ಕೇಳುವಷ್ಟರಲ್ಲಿ ಅಷ್ಟು ದಿನ ಆಗಿಯೇ ಆಗುತ್ತೆ. ಅದಕ್ಕೆ ಹಾರ್ಡ್ ಡಿಸ್ಕನ್ನೇ ತೆಗೆದು ಲಕೋಟೆಯಲ್ಲಿ ಸೀಲ್ ಮಾಡಿಸಿ ಹೊಸದು ಹಾಕಿಸಿದೆ. ಆರೇಳು ಸಾವಿರ ಖರ್ಚು, ಅಸೋಸಿಯೇಷನ್ ಗೊಣಗಿತು. ವಿಡಿಯೋ ಪ್ರತಿಗಳಿಗೆ ಹ್ಯಾಶ್, ಅಂದರೆ ಫೈಲ್ ಚೂರು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ, ತೆಗೆದು ವರದಿಯಲ್ಲಿ ಹಾಕಿದೆ:

```
certutil -hashfile cam07.mp4 SHA256
```

ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಕೇಳುತ್ತಾರೆ. ಮುಂದೆ ವಿಷಯ ಕೋರ್ಟಿಗೆ ಹೋದರೆ ಆಗ ಹುಡುಕಾಡೋದು ತಪ್ಪುತ್ತೆ.

ಇನ್ನು ಕಾರಣ. ನಾನು ಬರೆದದ್ದು ಇಷ್ಟು: ‘ಮೊದಲ ಬೆಳಕು ಕಂಡದ್ದು ನಿಂತಿದ್ದ ಕಾರಿನ ಬಾನೆಟ್ಟಿನ ಎಡಬದಿಯಲ್ಲಿ. ಎಂಜಿನ್ ಆಫ್ ಆಗಿತ್ತು. ಕಾರಿನಲ್ಲಿ ಯಾರೂ ಇರಲಿಲ್ಲ.’ ನಾವು ಶಾರ್ಟ್ ಸರ್ಕ್ಯೂಟ್ ಅಂತ ಬರೆದರೆ ಓನರ್ ಹೊರಗಡೆ ಹಾಕಿಸಿದ ಲೈಟು, ಹಾರ್ನು, ಸ್ಟೀರಿಯೋ ಮೇಲೆ ಬೊಟ್ಟು ಹೋಗುತ್ತೆ. ಪಕ್ಕದ ಕಾರುಗಳಿಗೆ ಹಣ ಕೊಟ್ಟ ವಿಮಾ ಕಂಪನಿಗಳು ಆ ಹಣವನ್ನು ತಪ್ಪಿತಸ್ಥರಿಂದ ವಸೂಲಿ ಮಾಡಲು ನೋಡುವಾಗ ನಮ್ಮ ಕಾಗದವೇ ಅವರ ಮೊದಲ ಸಾಕ್ಷಿ ಆಗುತ್ತೆ. ಕಾರಣ ಹೇಳೋದಕ್ಕೆ ಸರ್ವೇಯರ್ ಇದ್ದಾರೆ, ಬೇಕಾದರೆ ಫೊರೆನ್ಸಿಕ್‌ನವರು ಬರುತ್ತಾರೆ. ನಾನು ಹಿಂದೆ ಇದ್ದ ಸೈಟಿನಲ್ಲಿ ಸ್ಕೂಟರ್ ಸುಟ್ಟಾಗ ಅಲ್ಲಿಯ ಮ್ಯಾನೇಜರ್ ಆ ಎರಡು ಪದ ಬರೆದುಕೊಟ್ಟು, ಆ ಕ್ಲೇಮು ವರ್ಷದ ಮೇಲೂ ಎಳೆದಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಅತಿ ಹೆಚ್ಚು ಜಗಳವಾಗಿದ್ದು ಸ್ಪ್ರಿಂಕ್ಲರ್ ವಾಲ್ವ್ ವಿಷಯದಲ್ಲಿ. ಆ ಝೋನಿನ ಪೈಪು ಸೋರುತ್ತಿತ್ತೆಂದು ಬೆಂಕಿಗೆ ಮುಂಚಿನ ದಿನಗಳಲ್ಲಿ ವಾಲ್ವ್ ಮುಚ್ಚಿದ್ದರು. ರಿಜಿಸ್ಟರಿನಲ್ಲಿ ಪ್ಲಂಬರ್ ಸಹಿಯೂ ಇತ್ತು. 68 ಡಿಗ್ರಿಗೆ ಒಡೆಯುವ ಕೆಂಪು ಬಲ್ಬು ಸರಿಯಾಗಿಯೇ ಒಡೆದಿತ್ತು, ನೀರು ಮಾತ್ರ ಬರಲಿಲ್ಲ. ಕಮಿಟಿಯವರು ಇದನ್ನು ಬರೆಯಲೇಬೇಡಿ ಅಂದರು. ಅಧ್ಯಕ್ಷರಿಗೆ ಹೇಳಿದೆ: ‘ಸಾರ್, ಒಡೆದ ಬಲ್ಬು ಮೇಲೇ ನೇತಾಡ್ತಿದೆ, ನೆಲ ಒಣಗಿದೆ. ಸರ್ವೇಯರ್ ತಲೆ ಎತ್ತಿ ನೋಡೇ ನೋಡ್ತಾರೆ.’ ರಿಜಿಸ್ಟರ್ ಪುಟದ ಫೋಟೋ ಸಮೇತ ಹಾಕಿದೆ. ಸರ್ವೇಯರ್ ಬಂದವರೇ ಮೊದಲು ಕೇಳಿದ್ದು ಅದನ್ನೇ. ‘ಇದು ಪುಟ ಆರರಲ್ಲಿ ಇದೆಯಲ್ರೀ’ ಅಂತ ತಾವೇ ಹೇಳಿಕೊಂಡು ಮುಂದೆ ಹೋದರು. ಆ ಮಾತು ಈಗಲೂ ನನಗೆ ಹೆಮ್ಮೆ.

ಕಾರುಗಳ ವಿಷಯಕ್ಕೆ ಬಂದರೆ, ಸುಟ್ಟ ಕಾರನ್ನು ಸೇರಿಸಿ ಆ ಸಾಲಿನ ಯಾವುದನ್ನೂ ಕದಲಿಸಲು ಬಿಡಲಿಲ್ಲ. ಬೇ ನಂಬರ್ ಕಾಣುವಂತೆ ನಾಲ್ಕೂ ಮೂಲೆಯಿಂದ ಫೋಟೋ, ಕಂಬದಿಂದ ಟೇಪಿನಲ್ಲಿ ಅಳತೆ. ಹಾನಿಯನ್ನು ಮೂರೇ ಥರ ಬರೆದೆ: ಬಿಸಿಗೆ ಕರಗಿದ್ದು, ಮಸಿ ಕೂತದ್ದು, ಬರೀ ವಾಸನೆ. ಕೆಲವರು ಒದ್ದೆ ಬಟ್ಟೆಯಲ್ಲಿ ಒರೆಸಲು ಹೊರಟಿದ್ದರು. ಗುಜರಿಯಿಂದ ಒಂದು ಹಳೆಯ ಬಾನೆಟ್ ತರಿಸಿ, ಅದೇ ಬೇಸ್‌ಮೆಂಟಿನ ಮಸಿ ಮೆತ್ತಿ ಅರ್ಧ ಒದ್ದೆ ಬಟ್ಟೆಯಲ್ಲಿ ಒರೆಸಿ ತೋರಿಸಿದೆ. ಬಣ್ಣದ ಮೇಲೆ ಸಣ್ಣ ಗೀರು ಎದ್ದವು. ಇನ್ನರ್ಧಕ್ಕೆ ಬ್ರಷ್ ಹಾಕಿದ ವ್ಯಾಕ್ಯೂಮ್ ಹಿಡಿದೆ, ಗೀರಿರಲಿಲ್ಲ. ಕೇಬಲ್ಲಿನ ಪಿವಿಸಿ ಸುಟ್ಟ ಮಸಿಯಲ್ಲಿ ಆಮ್ಲ ಇರುತ್ತೆ, ಲೋಹ ತಿನ್ನುತ್ತೆ. ಅದಕ್ಕೆ ಫೋಟೋ ಮುಗಿದ ಕೂಡಲೇ ಒಣಗಿದ್ದಾಗಲೇ ತೆಗೆಯಬೇಕು, ತಿಂಗಳು ಬಿಡಬಾರದು. ಕಂಟ್ರೋಲ್ ಪ್ಯಾನೆಲ್ ಬೋರ್ಡುಗಳಿಗೂ ಇದೇ ಮಾತು.

ನಿವಾಸಿಗಳಿಗೆ ಕೊಟ್ಟದ್ದೂ ವಿಮೆಗೆ ಕೊಟ್ಟದ್ದೂ ಒಂದೇ ವರದಿ. ನಿವಾಸಿಗಳ ಪ್ರತಿಯಲ್ಲಿ ಹೆಸರು, ಗಾಡಿ ನಂಬರ್ ತೆಗೆದಿದ್ದೆ, ಸಮಯ ಮಾತ್ರ ಒಂದಕ್ಷರ ಬದಲಿಲ್ಲ. ಹಾನಿಯಾದ ಕಾರಿನವರಿಗೆ ಅವರವರ ಕಾರಿನ ಪುಟವನ್ನೂ ಸೇರಿಸಿ ಕೊಟ್ಟೆ. ಗಾರ್ಡ್‌ಗಳ ಹೇಳಿಕೆ ಒಬ್ಬೊಬ್ಬರನ್ನೇ ಕೂರಿಸಿ ಬರೆಸಿಕೊಂಡೆ. ಅಲ್ಲಿ ಮೊದಲು ಏನು ಕೇಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಹಣ, ನೆನಪಿನಿಂದ: ಸುಟ್ಟ ಕಾರಿಗೆ ಆರು ಲಕ್ಷದ ಆಸುಪಾಸು ಬಂತು. ಕಟ್ಟಡಕ್ಕೆ ಐದು ಕೇಳಿದ್ದರು, ಸವಕಳಿ ಮತ್ತು ನಾವೇ ಹೊರಬೇಕಾದ ಎಕ್ಸೆಸ್ ಪಾಲು ಕಳೆದು ಮೂರೂಮುಕ್ಕಾಲು ಬಂತು. ಸೀಳಿದ ಸ್ಲ್ಯಾಬನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿದ್ದಕ್ಕೆ ನಲವತ್ತು ಸಾವಿರ ಹೋಯಿತು, ಅದರಲ್ಲಿ ಅರ್ಧ ಮಾತ್ರ ಕೊಟ್ಟರು. ಪಕ್ಕದ ಒಬ್ಬರ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇತ್ತು. ಅದರಲ್ಲಿ ಸ್ವಂತ ಕಾರಿನ ಬೆಂಕಿಗೆ ಏನೂ ಸಿಗೋದಿಲ್ಲ, ನನ್ನ ವರದಿಯಿಂದ ಅವರಿಗೆ ಪ್ರಯೋಜನವಾಗಲಿಲ್ಲ. ಏಜೆನ್ಸಿ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ. ಈಗ ಪ್ರತಿ ತಿಂಗಳ ಒಂದನೇ ತಾರೀಖು ಡಿವಿಆರ್ ಮತ್ತು ಪ್ಯಾನೆಲ್ ಗಡಿಯಾರವನ್ನು ಮೊಬೈಲಿಗೆ ಹೋಲಿಸಿ, ವ್ಯತ್ಯಾಸವನ್ನು ರಿಜಿಸ್ಟರಿನಲ್ಲಿ ಬರೆಸುತ್ತೇನೆ.